ತೊಂಬತ್ತು ಸೆಕೆಂಡಿನ ಹರಕೆ

ಮದುವೆಯ ಮನೆಯಲ್ಲಿ ನಾಲ್ಕು ಮಾತನಾಡಿ ಹರಸಬೇಕೆಂದು ಯಾರಾದರೂ ಕರೆದರೆ ಒಲ್ಲೆನೆನ್ನುವ ಉಪಾಧ್ಯಾಯನನ್ನು ನಾವು ಇದುವರೆಗೆ ಕಂಡಿಲ್ಲ. ಮೂವತ್ತು ವರ್ಷ ಮಕ್ಕಳ ಮುಂದೆ ಎಡೆಬಿಡದೆ ಮಾತನಾಡಿ ನಿವೃತ್ತನಾದವನಿಗೆ ಎದುರಿಗೆ ಒಂದು ಸಭೆಯೂ ಕೈಗೆ ಒಂದು ಧ್ವನಿವರ್ಧಕವೂ ದೊರೆತುವೆಂದರೆ ಅದು ಹಸಿದವನಿಗೆ ಎಲೆ ಹಾಕಿದಂತೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿಯೇ ನಮ್ಮ ಸೇವೆಯೆಲ್ಲವೂ ಕಳೆದುದರಿಂದ, ಅಲ್ಲಿ ನಡೆಯುವ ಮದುವೆಗಳಲ್ಲಿ ವಧುವೋ ವರನೋ ಅವರ ತಂದೆಯೋ ನಮ್ಮ ಶಿಷ್ಯವರ್ಗಕ್ಕೆ ಸೇರಿದವರಾಗಿರುವುದುಂಟು. ಆದಕಾರಣ ನಮಗೆ ಈ ಅವಕಾಶವು ಆಗಾಗ ದೊರೆಯುತ್ತಲೇ ಇರುವುದು. ಅಂತಹ ಒಂದು ಸಂದರ್ಭದಲ್ಲಿ ನಮಗಾದ ಶಿಕ್ಷಣವನ್ನು ಈ ತಿಂಗಳು ವಾಚಕರ ಮುಂದಿಡುವೆವು.

ಪಾಶ್ಚಾತ್ಯರ ಮದುವೆಗಳಲ್ಲಿ ಮಿತ್ರನೊಬ್ಬನು ಎದ್ದುನಿಂತು, ಪಾನಪಾತ್ರೆಯನ್ನು ಎತ್ತಿಹಿಡಿದು, ವಧೂವರರಿಗೆ ಶುಭವನ್ನು ಕೋರಿ ಮಾತನಾಡುವ ಪದ್ಧತಿಯಿದೆ. ನಮ್ಮಲ್ಲಿ ಪಾತ್ರೆಗೆ ಬದಲಾಗಿ ಅಕ್ಷತೆ. ಹಿಂದೆ ಮಿತ್ರರು ಬಿನ್ನವತ್ತಳೆಯನ್ನು ಅಚ್ಚುಮಾಡಿಸಿ, ಗಾಜಿನ ಕಟ್ಟು ಹಾಕಿಸಿ, ಚಪ್ಪರದಲ್ಲಿಯೇ ಓದಿ ಒಪ್ಪಿಸುತ್ತಿದ್ದರು. ಅದರ ಜಾಗಕ್ಕೆ ಈಗ ವೇದಿಕೆಯ ಮೇಲಿನ ಹರಕೆಯ ಮಾತು ಬಂದಿದೆ. ಪಾತ್ರೆಯೇ ಆಗಲಿ ಅಕ್ಷತೆಯೇ ಆಗಲಿ, ಅದನ್ನು ಕೈಯಲ್ಲಿ ಹಿಡಿದು ನಿಂತವರು ಎಷ್ಟು ಹೊತ್ತು ಕಾಯಬಲ್ಲರೆಂಬುದನ್ನು ಮಾತನಾಡುವವನು ಮಾತ್ರ ಯೋಚಿಸುವುದಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆಯ ನೂಲು ಬಿಚ್ಚುವ ಕಸುಬಿನ ಗೃಹಸ್ಥರೊಬ್ಬರು ನಮ್ಮ ಹಳೆಯ ಶಿಷ್ಯರು. ಅವರ ಮಗಳೂ ಅಲ್ಲಿಯ ಹೈಸ್ಕೂಲಿನಲ್ಲಿ ನಮ್ಮಲ್ಲಿ ಕನ್ನಡ ಓದಿದವಳು. ಆ ಹುಡುಗಿಗೆ ಗೌರಿಬಿದನೂರಿನ ವರನೊಡನೆ ಲಗ್ನ ನಿಶ್ಚಯವಾಗಿ, ಎರಡು ಊರಿನವರಿಗೂ ಅನುಕೂಲವಾಗಲೆಂದು ನಡುವಿನ ಚಿಕ್ಕಬಳ್ಳಾಪುರದ ಒಂದು ಛತ್ರದಲ್ಲಿ ಮದುವೆ ಏರ್ಪಾಡಾಯಿತು. ಮಾಂಗಲ್ಯಧಾರಣೆಯಾದ ಮೇಲೆ, ಊಟಕ್ಕೆ ಮುಂಚೆ, ನಾವು ಎರಡು ಮಾತು ಹೇಳಬೇಕೆಂದು ಶಿಷ್ಯರು ಮನೆಗೇ ಬಂದು ಕೇಳಿಕೊಂಡರು. ನಾವು ಆ ರಾತ್ರಿಯೇ ದೀಪದ ಬಳಿ ಕುಳಿತು ಬರೆಯಲಾರಂಭಿಸಿದೆವು. ಮೂರು ದಿನಗಳಲ್ಲಿ ದೊಡ್ಡ ಹಾಳೆಯ ನಾಲ್ಕು ಪುಟಗಳು ತುಂಬಿದುವು. ಬರೆದುದನ್ನು ನಾವೇ ಓದಿ ನಾವೇ ತಲೆದೂಗಿದೆವು.

ನಾಲ್ಕನೆಯ ದಿನ ಹುಡುಗಿಯ ಸೋದರಮಾವನು ಚಿಂತಾಮಣಿಯಿಂದ ದೂರವಾಣಿಯಲ್ಲಿ ಮಾತನಾಡಿದನು. ಮದುವೆಯ ಏರ್ಪಾಡೆಲ್ಲವೂ ಆತನದೇ.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಐದು ಜನ ಮಾತಾಡೋರಿದ್ದಾರೆ. ಮೊದಲನೇ ಪಂಕ್ತಿಗೆ ಎಲೆ ಹಾಕಿರ್ತೀವಿ. ನಿಮಗೆ ಒಂದೂವರೆ ನಿಮಿಷ.”

ಒಂದೂವರೆ ನಿಮಿಷದಲ್ಲಿ ನಾವು ತರಗತಿಯಲ್ಲಿ ಹಾಜರಿಯನ್ನೂ ಮುಗಿಸಿದವರಲ್ಲ. ಸ್ವಲ್ಪ ಸಿಟ್ಟೂ ಬಂದಿತು. ಆದರೆ ಕೇಳಿದವನು ನ್ಯಾಯವಾಗಿಯೇ ಕೇಳಿದ್ದನು. ಐದು ಮಂದಿ ಹತ್ತು ಹತ್ತು ನಿಮಿಷ ಮಾತನಾಡಿದರೆ ಎಲೆಯ ಮೇಲೆ ಬಡಿಸಿದ ಅನ್ನ ಆರಿಹೋಗುವುದು. ಹೀಗೆಂದು ಸಮಾಧಾನ ತಂದುಕೊಂಡು, ನಮ್ಮ ಗೃಹಿಣಿಯ ಕೈಗೆ ಗಡಿಯಾರವನ್ನು ಕೊಟ್ಟು, ನಾಲ್ಕು ಪುಟಗಳನ್ನೂ ಗಟ್ಟಿಯಾಗಿ ಓದಿದೆವು. ಹನ್ನೊಂದು ನಿಮಿಷ ಹಿಡಿಯಿತು. ಪದಗಳನ್ನು ಎಣಿಸಿದರೆ 720.

ಇಲ್ಲಿ ಮೊದಲು ತಿಳಿಯಬೇಕಾದುದು ಕಾಲದ ಅಳತೆ. ತೊಂಬತ್ತು ಸೆಕೆಂಡೆಂದರೆ ಎಷ್ಟು ಮಾತು? ನಮ್ಮ ಪೂರ್ವಿಕರು ಇದನ್ನು ಲೆಕ್ಕ ಹಾಕಿಯೇ ಇಟ್ಟಿರುವರು. ಜ್ಯೋತಿಷಶಾಸ್ತ್ರದ ಪ್ರಕಾರ ಹತ್ತು ಗುರ್ವಕ್ಷರಗಳನ್ನು ಉಚ್ಚರಿಸುವಷ್ಟು ಕಾಲಕ್ಕೆ ಒಂದು ಪ್ರಾಣವೆಂದು ಹೆಸರು. ಆರು ಪ್ರಾಣಗಳಿಗೆ ಒಂದು ವಿಘಟಿ. ಅರುವತ್ತು ವಿಘಟಿಗಳಿಗೆ ಒಂದು ಘಟಿ. ಪಂಚಾಂಗ ನೋಡುವವರಿಗೆಲ್ಲ ತಿಳಿದಿರುವಂತೆ ಒಂದು ಘಟಿಯೆಂದರೆ 24 ನಿಮಿಷ. ಹಾಗಾದರೆ ಒಂದು ಪ್ರಾಣವು 4 ಸೆಕೆಂಡು; ತೊಂಬತ್ತು ಸೆಕೆಂಡು ಇಪ್ಪತ್ತೆರಡೂವರೆ ಪ್ರಾಣ. ಗುರ್ವಕ್ಷರಗಳಲ್ಲಿ ಹೇಳುವುದಾದರೆ 225. ಗುರುವಿಗೆ ಎರಡು ಮಾತ್ರೆಯಾದುದರಿಂದ ಒಟ್ಟು 450 ಮಾತ್ರೆಗಳು. ಇದು ಅವಸರವಿಲ್ಲದೆ, ಸ್ಪಷ್ಟವಾಗಿ, ಸಭೆಗೆ ಕೇಳಿಸುವಂತೆ ಉಚ್ಚರಿಸುವವನ ಗತಿ. ನಮ್ಮ ಓದಿಗೂ ಈ ಲೆಕ್ಕಕ್ಕೂ ಹೆಚ್ಚು ಅಂತರವಿರಲಿಲ್ಲ. ನಿಮಿಷಕ್ಕೆ ಅರುವತ್ತೈದು ಪದಗಳಂತೆ ನಾವು ಓದಿದ್ದೆವು. ತೊಂಬತ್ತು ಸೆಕೆಂಡಿಗೆ ಸುಮಾರು ತೊಂಬತ್ತೇಳು ಪದಗಳಾದುವು. ಕನ್ನಡದ ಪದವು ವಿಭಕ್ತಿ ಪ್ರತ್ಯಯಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ನಡೆಯುವುದಾದ್ದರಿಂದ, ಚಿಕ್ಕ ಚಿಕ್ಕ ಪದಗಳ ಭಾಷೆಯವರು ಹೇಳುವ ಸಂಖ್ಯೆಯನ್ನು ನಾವು ನಂಬಿದರೆ ಕೆಡುವೆವು. ಅಲ್ಲದೆ, ವಾಲಗದ ಸದ್ದು ಅಡಗಬೇಕು, ಜನ ತಿರುಗಿ ನೋಡಬೇಕು, ನಡುವೆ ಯಾರಾದರೂ ನಗಬೇಕು. ಇವಕ್ಕೆಲ್ಲ ಹತ್ತು ಹದಿನೈದು ಸೆಕೆಂಡು ಬಿಡಬೇಕು. ಆದುದರಿಂದ ಎಂಬತ್ತು ಪದಗಳಿಗೆ ಮೀರಕೂಡದೆಂದು ನಿಶ್ಚಯಿಸಿದೆವು. 720ರಲ್ಲಿ ಎಂಬತ್ತೆಂದರೆ ಒಂಬತ್ತರಲ್ಲಿ ಒಂದು ಪಾಲು.

ಮೊದಲ ಕತ್ತರಿ ಸುಲಭವಾಗಿಯೇ ಆಡಿತು. ಆರಂಭದ 140 ಪದಗಳು ವೇದಿಕೆಯ ಮೇಲಿನ ಪೂಜ್ಯರು, ಮಾನ್ಯರು, ಬಂಧುಗಳು ಎಂಬ ಸಂಬೋಧನೆಗಳಿಂದಲೂ, ಅಲ್ಪಜ್ಞರಾದ ನಮಗೆ ಇಂತಹ ಅವಕಾಶವೇ ಎಂಬ ವಿನಯದಿಂದಲೂ ತುಂಬಿದ್ದುವು. ಅವೆಲ್ಲಕ್ಕೂ ಬದಲಾಗಿ ‘ಎಲ್ಲರಿಗೂ ನಮಸ್ಕಾರ’ ಎಂಬೆರಡು ಪದಗಳು ಸಾಕಾದುವು. ಅನಂತರ 110 ಪದಗಳ ಸ್ಥಳಪುರಾಣವಿದ್ದಿತು. ವರನ ತಾಲ್ಲೂಕೆಂದು 1938ರ ವಿದುರಾಶ್ವತ್ಥವನ್ನೂ, ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನೂ ಸ್ಮರಿಸಿದ್ದೆವು, ವಧುವಿನ ಊರೆಂದು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ಹೊಗಳಿದ್ದೆವು, ಸೋದರಮಾವನಿಗೆ ಬೇಸರವಾಗದಿರಲೆಂದು ಚಿಂತಾಮಣಿಯ ಕಡೆಯ ಕೈವಾರವನ್ನೂ, ಮದುವೆ ನಡೆಯುವ ಊರಾದುದರಿಂದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೂ ಬಿಟ್ಟಿರಲಿಲ್ಲ. ಇವೆಲ್ಲ ಸತ್ಯವೇ. ಆದರೆ ಸಭೆಯಲ್ಲಿ ಕುಳಿತವರಿಗೆ ಇವು ನಮಗಿಂತ ಚೆನ್ನಾಗಿ ತಿಳಿದಿರುವ ಸತ್ಯಗಳು. ಮೂರನೆಯದಾಗಿ 160 ಪದಗಳಷ್ಟು ಸಂಸ್ಕೃತ ಶ್ಲೋಕಗಳೂ ಅವುಗಳ ತಾತ್ಪರ್ಯವೂ ಇದ್ದುವು. ಈ ಸೀಮೆಯಲ್ಲಿ ಮನೆಯೊಳಗೆ ತೆಲುಗನ್ನೂ ಹೊರಗೆ ಕನ್ನಡವನ್ನೂ ಆಡುವವರು ಬಹು ಮಂದಿ. ಶ್ಲೋಕವನ್ನು ಹೇಳಿ, ಅದನ್ನು ಗ್ರಂಥದ ಕನ್ನಡಕ್ಕೆ ತಿರುಗಿಸಿ, ಅದು ಅವರ ಮನಸ್ಸಿನಲ್ಲಿ ಇನ್ನೊಮ್ಮೆ ತೆಲುಗಾಗುವ ಹೊತ್ತಿಗೆ ನಮ್ಮ ಕಾಲ ತೀರಿರುವುದು. ಅದನ್ನೂ ತೆಗೆದೆವು. 310 ಪದಗಳು ಉಳಿದುವು.

ಇಲ್ಲಿ ನಾವೊಂದು ಮೋಸಕ್ಕೆ ಕೈಹಾಕಿದೆವು. ಉಳಿದುದನ್ನು ತೆಗೆಯಲು ಮನಸ್ಸು ಬಾರದೆ, ಬೇಗ ಬೇಗ ಓದಿದರಾಯಿತೆಂದುಕೊಂಡೆವು. ಉಸಿರು ಕಟ್ಟಿ ಓದಿದರೂ ಎರಡೂವರೆ ನಿಮಿಷಕ್ಕೆ ಕಡಿಮೆಯಾಗಲಿಲ್ಲ. ಮುಗಿದ ಮೇಲೆ ಗೃಹಿಣಿಯನ್ನು, “ಏನು ಹೇಳಿದೆವು?” ಎಂದು ಕೇಳಿದರೆ, “ಏನೋ ರೈಲು ಹೋಯಿತು” ಎಂದಳು. ಓದುವ ವೇಗವನ್ನು ಹೆಚ್ಚಿಸಿದರೆ ಭಾಷಣವು ಚಿಕ್ಕದಾಗುವುದಿಲ್ಲ. ಕೇಳುವವನ ಪಾಲು ಚಿಕ್ಕದಾಗುವುದು, ಅಷ್ಟೆ.

ಆದುದರಿಂದ ಹೊರಗಿನಿಂದ ಕತ್ತರಿಸುವುದನ್ನು ನಿಲ್ಲಿಸಿ, ಒಳಗಿನ ಹೃದಯವಾವುದೆಂದು ಹುಡುಕತೊಡಗಿದೆವು. ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಮೀಮಾಂಸಾಶಾಸ್ತ್ರದವರು ಆರು ಗುರುತುಗಳನ್ನು ಹೇಳುವರು. ಅವುಗಳಲ್ಲಿ ಎರಡು ನಮ್ಮ ಕೆಲಸಕ್ಕೆ ಒದಗಿದುವು. ಒಂದು ಅಪೂರ್ವತೆ, ಎಂದರೆ ಬೇರೆ ಯಾವ ಮೂಲದಿಂದಲೂ ತಿಳಿಯಲಾರದುದು. ಇನ್ನೊಂದು ಅರ್ಥವಾದ, ಎಂದರೆ ಮುಖ್ಯವಾದುದಕ್ಕೆ ಒತ್ತಾಸೆಯಾಗಿ ಬರುವ ಹೊಗಳಿಕೆ. ಅರ್ಥವಾದವು ಮುಖ್ಯವಾದುದರ ನೆರಳು. ಮುಖ್ಯವಾದುದೇ ಇಲ್ಲದಿದ್ದರೆ ಅದಕ್ಕೆ ನಿಲ್ಲುವ ನೆಲೆಯಿಲ್ಲ.

ಈ ಎರಡು ಗುರುತುಗಳನ್ನು ಹಿಡಿದು ಉಳಿದ 310 ಪದಗಳನ್ನು ಸೋಸಿದೆವು. ಅದರಲ್ಲಿ 95 ಪದಗಳಷ್ಟು ವಧೂವರರ ಗುಣವರ್ಣನೆಯಿದ್ದಿತು. ಆಕೆ ಸುಶೀಲೆ, ವಿನಯಸಂಪನ್ನೆ. ಆತನು ಸದ್ಗುಣಿ, ಮಾತಾಪಿತೃಭಕ್ತನು. ಇದನ್ನು ಪರೀಕ್ಷಿಸುವ ಬಗೆ ಬಹಳ ಸುಲಭ. ಅದೇ ದಿನ ಪಕ್ಕದ ಛತ್ರದಲ್ಲಿ ನಡೆಯುವ ಮದುವೆಯ ವಧೂವರರ ಹೆಸರನ್ನು ಆ ವಾಕ್ಯದಲ್ಲಿಟ್ಟು ಓದಿ ನೋಡಬೇಕು. ವಾಕ್ಯವು ಅಲ್ಲಿಯೂ ಸರಿಯಾಗಿ ಕುಳಿತುಕೊಂಡರೆ ಅದು ಈ ಮದುವೆಯದಲ್ಲ. ನಮ್ಮ 95 ಪದಗಳೂ ಪಕ್ಕದ ಛತ್ರಕ್ಕೆ ನಡೆದುಹೋದುವು.

ಇನ್ನು 130 ಪದಗಳು ಉಳಿದ ಭಾಗವಿದ್ದಿತು. ಅದನ್ನು ತೆಗೆಯುವಾಗ ನಮಗೆ ನಿಜವಾಗಿಯೂ ಸಂಕಟವಾಯಿತು. ವಿವಾಹವೆಂದರೆ ಸಂಧಿ, ಸಂಧಿಯಲ್ಲಿ ಲೋಪ, ಆಗಮ, ಆದೇಶವೆಂದು ಮೂರು ಬಗೆ. ದಾಂಪತ್ಯದಲ್ಲಿ ಅಹಂಕಾರಕ್ಕೆ ಲೋಪ, ಸಂತಾನಕ್ಕೆ ಆಗಮ, ಆದೇಶವು ಮಾತ್ರ ಗೃಹಿಣಿಯದು ಎಂದು ಚಮತ್ಕಾರವಾಗಿ ಬರೆದಿದ್ದೆವು. ಉಪಾಧ್ಯಾಯರ ಕೊಠಡಿಯಲ್ಲಾಗಿದ್ದರೆ ಇದಕ್ಕೆ ಚಪ್ಪಾಳೆ ಬೀಳುತ್ತಿದ್ದಿತು. ಆದರೆ ಈ ಚಮತ್ಕಾರದಿಂದ ಸಭೆಗೆ ತಿಳಿಯುವುದೇನು? ನಾವು ವ್ಯಾಕರಣ ಬಲ್ಲವರೆಂಬುದು. ಅದು ನಮ್ಮ ಮದುವೆಯಾಗಿರಲಿಲ್ಲ. ಅದರ ಮೇಲೆಯೂ ಗೀಟು ಎಳೆದೆವು.

ಆಗ ಉಳಿದುವು 85 ಪದಗಳು. ಅವು ಮೂರನೆಯ ಪುಟದ ಕೆಳಭಾಗದಲ್ಲಿ, ಬರೆದವರಿಗೇ ಮರೆತುಹೋಗುವಂತಹ ಜಾಗದಲ್ಲಿ ಇದ್ದುವು. ‘ಒಮ್ಮೆ ತರಗತಿಯಲ್ಲಿ ಒಂದು ವಿಷಯವು ಚರ್ಚೆಗೆ ಬಂದಾಗ ಈ ಕುಮಾರಿಯು ತೋರಿದ ಸೂಕ್ಷ್ಮತೆಯೂ ಗುರುಭಕ್ತಿಯೂ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿವೆ’ ಎಂದು ಆರಂಭವಾಗಿ, ಅದೇ ಧಾಟಿಯಲ್ಲಿ ಮುಗಿದಿತ್ತು. ಬೇರೆ ಯಾರೂ ಹೇಳಲಾರದ ಮಾತು ನಾಲ್ಕು ಪುಟದಲ್ಲಿ ಅದೊಂದೇ. ಆದರೆ ಅಲ್ಲಿ ನಡೆದುದೇನೆಂಬುದನ್ನು ನಾವು ಹೇಳಿಯೇ ಇರಲಿಲ್ಲ. ಏಕೆ ಹೇಳಿರಲಿಲ್ಲವೆಂಬುದನ್ನು ವಾಚಕರಲ್ಲಿ ಮುಚ್ಚಿಟ್ಟು ಫಲವಿಲ್ಲ.

ಒಂದು ದಿನ ಸಂಧಿಪಾಠ ಮಾಡುತ್ತ, ನಾವು ಹಲಗೆಯ ಮೇಲೆ ‘ಮಳೆಗಾಲ’ ಎಂಬ ಪದವನ್ನು ಆಗಮಸಂಧಿಯ ಕೆಳಗೆ ಬರೆದುಬಿಟ್ಟೆವು. ಅದು ಆದೇಶಸಂಧಿ, ಕಾಲದ ಕಕಾರವೇ ಗಕಾರವಾಗಿದೆಯೇ ಹೊರತು ಹೊಸ ಅಕ್ಷರವೊಂದು ನಡುವೆ ಬಂದಿಲ್ಲ. ನಲವತ್ತು ಮಕ್ಕಳು ನಾವು ಬರೆದಂತೆಯೇ ಬರೆದುಕೊಂಡರು. ಗಂಟೆ ಹೊಡೆದು ಎಲ್ಲರೂ ಹೊರಟುಹೋದ ಮೇಲೆ ಈ ಹುಡುಗಿ ಬಾಗಿಲ ಬಳಿ ನಿಂತಿದ್ದಳು. “ಮೇಷ್ಟ್ರೇ, ಮಳೆಗಾಲದಲ್ಲಿ ಕಕಾರವೇ ಗಕಾರ ಆಯಿತಲ್ಲವಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದಳು. ಮರುದಿನ ನಾವು ತಿದ್ದಿದೆವು. ನಮಗೇ ಹೊಳೆಯಿತೆಂಬಂತೆ ತಿದ್ದಿದೆವು. ಅವಳು ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಬರೆದುಕೊಂಡಳು. ತಿದ್ದಿದವಳು ತಾನೆಂದು ಗೆಳತಿಯರಿಗೂ ಹೇಳಲಿಲ್ಲವೆಂಬುದು ನಮಗೆ ಚೆನ್ನಾಗಿ ಗೊತ್ತು. ಹೇಳಿದ್ದರೆ ಅದು ಸಂಜೆಯೊಳಗಾಗಿ ಶಾಲೆಯನ್ನೆಲ್ಲ ಸುತ್ತಿ ನಮ್ಮ ಕಿವಿಗೇ ಬಂದಿರುತ್ತಿದ್ದಿತು.

ಈ ವಿಷಯವನ್ನೇ ನಾವು ‘ಸೂಕ್ಷ್ಮತೆ’, ‘ಗುರುಭಕ್ತಿ’ ಎಂಬ ಎರಡು ದೊಡ್ಡ ಪದಗಳ ಕೆಳಗೆ ಹೂತಿದ್ದೆವು. ಹೊರಗೆ ತೆಗೆದರೆ ಪಂಡಿತರೆನಿಸಿಕೊಂಡ ನಮ್ಮ ತಪ್ಪು ಹೊರಬೀಳುವುದು. ಆದರೆ ಅದನ್ನು ಬಿಟ್ಟು ಆ ಹುಡುಗಿಯ ಗುಣವನ್ನು ತೋರಿಸುವ ದಾರಿಯೇ ಇಲ್ಲ. ಹೃದಯವು ದೊರೆಯದಿದ್ದುದಕ್ಕೆ ಕಾರಣ ಭಾಷಣದ ಉದ್ದವಲ್ಲ; ಮುಚ್ಚಿಡುವುದಕ್ಕಾಗಿಯೇ ನಾವು ಉದ್ದ ಮಾಡಿದ್ದೆವು. ಉದ್ದವಾದ ಹರಕೆಯೊಂದು ಕೈಗೆ ಬಂದರೆ, ಅದರಲ್ಲಿ ಮಾತನಾಡುವವನು ಯಾವ ವಾಕ್ಯದ ಬಳಿ ದೊಡ್ಡ ಪದಗಳ ಹಿಂದೆ ಸರಿದುಕೊಂಡಿದ್ದಾನೆಂದು ನೋಡಿರಿ. ಹೃದಯವು ಅಲ್ಲಿಯೇ ಇರುವ ಸಂಭವ ಹೆಚ್ಚು.

ಧೈರ್ಯ ತಂದುಕೊಂಡು ಬರೆದಾಗ ಇನ್ನೊಂದು ಕಡೆಗೆ ಜಾರಿದೆವು. ಕಡಿಮೆ ಮಾಡುವ ಅಭ್ಯಾಸವು ಕೈಗೆ ಹತ್ತಿತ್ತು. ‘ನನ್ನ ತಪ್ಪನ್ನು ಯಾರಿಗೂ ತಿಳಿಯದಂತೆ ತಿದ್ದಿದವಳು ಇವಳು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದೆವು. ಅದನ್ನು ಗೃಹಿಣಿಗೆ ಓದಿ, ಒಂದು ಗಂಟೆಯ ಮೇಲೆ ಏನು ನೆನಪಿದೆಯೆಂದು ಕೇಳಿದೆವು. “ಹುಡುಗಿ ಒಳ್ಳೆಯವಳು ಎಂದಿರಿ” ಎಂದಳು. ಮತ್ತೆ ಪಕ್ಕದ ಛತ್ರದ ಮಾತೇ ಆಯಿತು.

ಇದರ ಮರ್ಮವು ನಮಗೆ ಶಿಡ್ಲಘಟ್ಟದಲ್ಲಿ ತಿಳಿಯಿತು. ಬೇರೊಂದು ಕೆಲಸಕ್ಕೆ ಹೋಗಿದ್ದಾಗ ಶಿಷ್ಯರು ತಮ್ಮ ಮನೆಯ ಹಿಂದಿನ ಕಾರ್ಖಾನೆಗೆ ಕರೆದೊಯ್ದರು. ಬಿಸಿನೀರಿನಲ್ಲಿ ಬೆಂದ ಗೂಡುಗಳ ಮೈಮೇಲೆ ಕೆದರಿದ ಎಳೆಗಳ ಹೊದಿಕೆಯಿರುವುದು. ಅದನ್ನು ತೀಡಿ ತೀಡಿ ತೆಗೆದರೆ ನಿಜವಾದ ಒಂದೇ ಎಳೆಯ ತುದಿ ಕೈಗೆ ಸಿಗುವುದು. ಆ ತುದಿಯನ್ನು ಹಿಡಿದರೆ ಗೂಡು ತನ್ನಷ್ಟಕ್ಕೆ ತಾನೇ ಬಿಚ್ಚಿಕೊಳ್ಳುವುದು. “ತುದಿ ಸಿಕ್ಕಮೇಲೂ ತೀಡಿದರೆ?” ಎಂದು ನಾವು ಕೇಳಿದೆವು. “ಒಳ್ಳೇ ರೇಷ್ಮೆಯೇ ಕಸಕ್ಕೆ ಹೋಗ್ತದೆ ಮೇಷ್ಟ್ರೇ” ಎಂದರು. ನಾವು ಮಾಡಿದ್ದುದು ಅದನ್ನೇ. ಗಂಟೆ ಹೊಡೆದುದು, ಕೈಯೆತ್ತದಿದ್ದುದು, ಬಾಗಿಲ ಬಳಿ ನಿಂತುದು ಇವು ಅಲಂಕಾರವಲ್ಲ, ಇವೇ ರೇಷ್ಮೆ. ಕೇಳುವವನಿಗೆ ಗುಣದ ಹೆಸರು ನೆನಪಿನಲ್ಲಿ ನಿಲ್ಲುವುದಿಲ್ಲ. ನಡೆದ ನಡೆ ನಿಲ್ಲುವುದು. ಆದರೆ ಸಂಧಿಯ ಹೆಸರೂ ‘ಮಳೆಗಾಲ’ವೂ ಬೇಕಿರಲಿಲ್ಲ. ಅದನ್ನು ವಿವರಿಸಹೊರಟರೆ ಪಾಠವಾಗುವುದು. ‘ತಪ್ಪು ಬರೆದೆ’ ಎಂಬುದೇ ಸಾಕು.

ವಿವರಗಳನ್ನು ಮರಳಿ ತಂದಮೇಲೆ ಒಂದು ಕೊರತೆ ಕಂಡಿತು. ವರನಿಗೆ ಅಲ್ಲಿ ಒಂದು ಅಕ್ಷರವೂ ಇರಲಿಲ್ಲ. ಇಬ್ಬರ ಮದುವೆಯಲ್ಲಿ ಒಬ್ಬರನ್ನೇ ಹರಸುವುದು ಸಲ್ಲದು. ಗೊತ್ತಿಲ್ಲದವನನ್ನು ಹೊಗಳಿದರೆ ಅದು ಮತ್ತೆ ಅರ್ಥವಾದ. ಆದುದರಿಂದ ಗೌರಿಬಿದನೂರಿಗೆ ದೂರವಾಣಿಯಲ್ಲಿ ಕರೆದು, ವರನ ತಾಯಿಯನ್ನು ಒಂದೇ ಪ್ರಶ್ನೆ ಕೇಳಿದೆವು. ನಿಮ್ಮ ಮಗನು ತಪ್ಪು ಮಾಡಿದಾಗ ಏನು ಮಾಡುವನು? ಆ ತಾಯಿ ಸ್ವಲ್ಪ ನಕ್ಕು ಕೊಟ್ಟ ಉತ್ತರವನ್ನು, ಸಭೆಯಲ್ಲಿ ಹೇಳಲು ಅವರ ಅನುಮತಿ ಪಡೆದು, ಹಾಗೆಯೇ ಸೇರಿಸಿಕೊಂಡೆವು. ಕಡಿಮೆ ಮಾಡಲು ಹೊರಟವರು ಹೊಸದನ್ನು ಸೇರಿಸಿದುದು ಇದೊಂದೇ. ಇದರಿಂದ ಅರ್ಧವಾಗಿದ್ದ ಮಾತು ಪೂರ್ತಿಯಾಯಿತು.

ಇನ್ನೆರಡು ಸಣ್ಣ ತಿದ್ದುಪಡಿಗಳು ಉಳಿದಿದ್ದುವು. ಬರಹದಲ್ಲಿ ನಾವು ‘ನಾವು’ ಎಂದೇ ಬರೆಯುವ ರೂಢಿ. ಆದರೆ ‘ನಾವು ತಪ್ಪು ಬರೆದೆವು’ ಎಂದರೆ ತಪ್ಪು ಯಾರ ತಲೆಯ ಮೇಲೂ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಮಾತ್ರ ‘ನಾನು’ ಎಂದು ಮಾಡಿಕೊಂಡೆವು. ಎರಡನೆಯದು ಗೃಹಿಣಿಯ ಆಕ್ಷೇಪ. ಮಂಗಳಕಾರ್ಯದಲ್ಲಿ ‘ತಪ್ಪು’, ‘ತಪ್ಪು’ ಎಂದು ಹೇಳಿ ಕೆಳಗಿಳಿಯಬಹುದೇ? ಅವಳ ಮಾತು ನ್ಯಾಯವಾದುದು. ಶಾಸ್ತ್ರಗ್ರಂಥಗಳಿಗೆ ಆದಿಯಲ್ಲಿಯೂ ಅಂತ್ಯದಲ್ಲಿಯೂ ಮಂಗಳವಿರಬೇಕೆಂಬ ಸಂಪ್ರದಾಯವುಂಟು. ಆದಿಗೆ ನಮಸ್ಕಾರವಿದ್ದಿತು, ಅಂತ್ಯಕ್ಕೆ ನಮ್ಮ ಅಜ್ಜಿಯರು ಅಕ್ಷತೆ ಹಾಕುವಾಗ ಆಡುವ ಮಾತನ್ನೇ ಇಟ್ಟೆವು. ಹೀಗೆ ಸಿದ್ಧವಾದ ಹರಕೆಯಿದು:

“ಎಲ್ಲರಿಗೂ ನಮಸ್ಕಾರ. ಈ ಮದುಮಗಳು ಒಂಬತ್ತನೆಯ ತರಗತಿಯಲ್ಲಿ ನನ್ನ ಶಿಷ್ಯೆಯಾಗಿದ್ದಳು. ಒಂದು ದಿನ ಹಲಗೆಯ ಮೇಲೆ ನಾನು ತಪ್ಪು ಬರೆದೆ. ಯಾರೂ ಗಮನಿಸಲಿಲ್ಲ; ಇವಳು ಗಮನಿಸಿದಳು. ಆದರೆ ಕೈಯೆತ್ತಲಿಲ್ಲ. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ, ಬಾಗಿಲ ಬಳಿ ನಿಂತು, ಮೆಲ್ಲಗೆ ಹೇಳಿದಳು. ಮರುದಿನ ನಾನೇ ತಿದ್ದಿದೆ. ಹೇಳಿದವಳು ತಾನೆಂದು ಇಂದಿನವರೆಗೂ ಯಾರಿಗೂ ಹೇಳಿಲ್ಲ. ಮದುಮಗನ ತಾಯಿಯನ್ನು ಮೊನ್ನೆ ಕೇಳಿದೆ: ನಿಮ್ಮ ಮಗ ತಪ್ಪು ಮಾಡಿದರೆ ಏನು ಮಾಡುತ್ತಾನೆ? ‘ಮೊದಲು ಸುಮ್ಮನಾಗುತ್ತಾನೆ, ಆಮೇಲೆ ಹೋಗಿ ಸರಿಮಾಡಿ ಬರುತ್ತಾನೆ’ ಎಂದರು. ತಪ್ಪನ್ನು ಬಾಗಿಲ ಬಳಿ ಹೇಳುವವಳು, ಹೇಳಿದ್ದನ್ನು ಕೇಳಿ ತಿದ್ದಿಕೊಳ್ಳುವವನು. ಇಬ್ಬರೂ ಇಂದು ಒಂದೇ ಮನೆಯವರಾದರು. ತಪ್ಪುಗಳು ನಿಮ್ಮ ಮನೆಯಲ್ಲಿಯೂ ಆಗುವುವು, ಹೀಗೆಯೇ ತಿದ್ದಿಕೊಳ್ಳಿ. ನೂರು ಕಾಲ ಸುಖವಾಗಿ ಬಾಳಿ.”

ಎಣಿಸಿದರೆ 77 ಪದಗಳು. ಮಾತ್ರೆಗಳು ನಾನೂರರ ಒಳಗೆ. ಗೃಹಿಣಿಯ ಗಡಿಯಾರದಲ್ಲಿ ಎಪ್ಪತ್ತೈದು ಸೆಕೆಂಡು ಹಿಡಿಯಿತು. ಉಳಿದ ಹದಿನೈದು ಸೆಕೆಂಡುಗಳನ್ನು ಸಭೆಗೆ ಬಿಟ್ಟೆವು. ಒಂದು ಗಂಟೆಯ ಮೇಲೆ ಏನು ನೆನಪಿದೆಯೆಂದು ನಾವು ಕೇಳುವುದಕ್ಕೆ ಮೊದಲೇ, ಅವಳು ಅಡಿಗೆಮನೆಯಿಂದ, “ಅಲ್ಲಾ, ಅಷ್ಟು ಚಿಕ್ಕ ಹುಡುಗಿಗೆ ಬಾಗಿಲ ಬಳಿ ಹೇಳಬೇಕೆಂದು ಹೇಗೆ ಹೊಳೆಯಿತು?” ಎಂದಳು. ಕೆಲಸವಾಯಿತೆಂದು ನಮಗೆ ತಿಳಿಯಿತು.

ಮದುವೆಯ ದಿನ ನಮ್ಮ ಸರದಿ ಮೂರನೆಯದು. ಮೊದಲಿನ ಇಬ್ಬರು ಸೇರಿ ಹದಿನಾರು ನಿಮಿಷ ಮಾತನಾಡಿದ್ದರು. ಸೋದರಮಾವನು ಕಂಬದ ಹಿಂದಿನಿಂದ ನಮಗೆ ಕೈಮುಗಿಯುತ್ತಿದ್ದನು. ನಾವು ಕಾಗದವನ್ನು ಜೇಬಿನಿಂದ ತೆಗೆಯಲಿಲ್ಲ. 77 ಪದಗಳನ್ನು ನೆನಪಿನಲ್ಲಿಡುವುದು ನಮ್ಮ ವಯಸ್ಸಿಗೂ ಕಷ್ಟವಲ್ಲ. ‘ನಾನು ತಪ್ಪು ಬರೆದೆ’ ಎಂದಾಗ ಹಿಂದಿನ ಸಾಲಿನಲ್ಲಿದ್ದ ನಮ್ಮ ಹಳೆಯ ಶಿಷ್ಯರು ಕೆಲವರು ನಕ್ಕರು. ಅವರಿಗೆ ಅದು ಬಹುಕಾಲದ ಬಯಕೆಯಾಗಿದ್ದಿರಬೇಕು. ‘ಬಾಗಿಲ ಬಳಿ’ ಎಂಬಲ್ಲಿ ಛಾಯಾಗ್ರಾಹಕನೂ ಯಂತ್ರವನ್ನು ಕೆಳಗಿಳಿಸಿ ಕೇಳಿದನು. ಹುಡುಗಿ ತಲೆ ಎತ್ತಲಿಲ್ಲ. ವರನು ಅವಳ ಕಡೆ ತಿರುಗಿ ಒಮ್ಮೆ ನೋಡಿದನು.

ಬಿಟ್ಟುಹೋದ ಪದಗಳಿಗೆ ಏನಾಯಿತೆಂದು ವಾಚಕರು ಕೇಳಬಹುದು. ನೂಲು ಬಿಚ್ಚುವವರು ಗೂಡಿನ ಮೇಲಿನ ಕೆದರಿದ ಎಳೆಯನ್ನೂ ಬಿಸಾಡುವುದಿಲ್ಲ. ಅದನ್ನು ಕೊಂಡು ಬೇರೆ ಬಗೆಯ ನೂಲು ಮಾಡುವವರಿರುವರು. ನಾವೂ ಆ ನಾಲ್ಕು ಪುಟಗಳನ್ನು ಒಂದು ಪತ್ರದಂತೆ ತಿದ್ದಿ ಬರೆದು, ಮುಯ್ಯಿಯ ಲಕೋಟೆಯೊಳಗಿಟ್ಟು ಕೊಟ್ಟೆವು. ಶ್ಲೋಕಗಳೂ, ವಿದುರಾಶ್ವತ್ಥವೂ, ಸಂಧಿಯ ಚಮತ್ಕಾರವೂ ಅದರಲ್ಲಿ ಸುಖವಾಗಿವೆ. ನಿಂತು ಕೇಳುವವನಿಗೆ ಹೊರೆಯಾಗುವುದು ಕುಳಿತು ಓದುವವನಿಗೆ ಹೊರೆಯಲ್ಲ. ಮಳೆಗಾಲದ ಒಂದು ಸಂಜೆ ಇಬ್ಬರೂ ಓದಿಕೊಳ್ಳಲಿ.

ಊಟ ಮುಗಿಸಿ ಕೈತೊಳೆದು ಹೊರಡುವಾಗ, ವಧೂವರರು ಪಂಕ್ತಿಯ ಬಂಧುಗಳನ್ನು ವಿಚಾರಿಸಿಕೊಳ್ಳುತ್ತ ಬಂದರು. ಇಬ್ಬರೂ ನಮಗೆ ನಮಸ್ಕಾರ ಮಾಡಿದರು. ವರನನ್ನು ಯಾರೋ ಕರೆದರು. ಆತನು ಅತ್ತ ಹೋದನು. ಹುಡುಗಿ ಊಟದ ಮನೆಯ ಬಾಗಿಲ ಬಳಿ ಒಂದು ಕ್ಷಣ ನಿಂತು, ಹಿಂದೆ ಮುಂದೆ ನೋಡಿ, ಮೆಲ್ಲಗೆ ಹೇಳಿದಳು:

“ಮೇಷ್ಟ್ರೇ, ಅದು ಒಂಬತ್ತನೇ ಕ್ಲಾಸಲ್ಲ. ಹತ್ತನೇ ಕ್ಲಾಸು.”